ಸ್ಟೋರಿನಲ್ಲಿ ಉಳಿದ ಗಾಳಿ

ರಿಜಿಸ್ಟರಿನ ಪ್ರಕಾರ ಗಾಳಿ ಹೋಸ್ ಇಪ್ಪತ್ತು ಮೀಟರ್ ಉಳಿದಿರಬೇಕಿತ್ತು. ಯಶ್ಮಿತಾ ಟೇಪು ಹಿಡಿದು ಅಳೆದಾಗ ರ‍್ಯಾಕಿನಲ್ಲಿ ಮೂವತ್ತೊಂದು ಮೀಟರಿಗೂ ಸ್ವಲ್ಪ ಹೆಚ್ಚೇ ಇತ್ತು.

ಅವಳು ಎರಡನೆಯ ಸಲ ಅಳೆದಳು. ಸುರುಳಿ ಬಿಚ್ಚಿ, ಉಳಿದ ತುಂಡನ್ನೂ ಸೇರಿಸಿ, ಸ್ಟೋರಿನ ಬಾಗಿಲಿನಿಂದ ಅಂಗಳದ ಗೇಟಿನವರೆಗೆ ನೇರವಾಗಿ ಹಾಸಿ, ತುದಿಗೆ ಕಲ್ಲು ಹೇರಿ ಅಳೆದಳು. ಆಗಲೂ ಅಷ್ಟೇ ಬಂತು.

‘ಒರತೆ’ ಎನ್ನುವುದು ಗಡಿನಾಡಿನ ವರ್ಕಾಡಿಯಿಂದ ಸ್ವಲ್ಪ ಒಳಗಿರುವ ಬಾವಿ ಕೆಲಸಗಾರರ ಸಂಘ. ಬಾವಿ ತೋಡುವವರು, ಕೆಸರು ತೆಗೆಯುವವರು, ನೀರಿಗಾಗಿ ಸುರಂಗ ಕೊರೆಯುವವರು ಎಲ್ಲ ಸೇರಿ ಕಟ್ಟಿಕೊಂಡದ್ದು. ಹಗ್ಗ, ರಾಟೆ, ಪಂಪು, ಬಾವಿಯೊಳಗೆ ಗಾಳಿ ಊದುವ ಬ್ಲೋವರು, ಅದರ ಹೋಸು ಎಲ್ಲವೂ ಸಂಘದ ಸ್ಟೋರಿನಿಂದಲೇ ಹೋಗಬೇಕು, ಕೆಲಸ ಮುಗಿದ ಮೇಲೆ ಅಲ್ಲಿಗೇ ಬರಬೇಕು. ಮೊದಲು ಸ್ಟೋರು ನೋಡುತ್ತಿದ್ದ ಭುಜಂಗ ಮಸ್ಕತ್ತಿಗೆ ಹೋದ ಮೇಲೆ ಆ ಕೆಲಸ ಯಶ್ಮಿತಾಳಿಗೆ ಬಂದಿತ್ತು. ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಮಾರ್ಚ್ ಕೊನೆಗೆ ಸಾಮಾನು ಎಣಿಸಿ ಲೆಕ್ಕ ಹೊಂದಿಸುವ ಕ್ರಮ. ಬೆಳಿಗ್ಗೆ ಕೆಲಸದವರಿಗೆ ಬೇಕಾದ್ದನ್ನು ಕೊಟ್ಟು ಕಳಿಸಿ, ಅವಳು ಎಣಿಸಲು ಕುಳಿತದ್ದು.

ಕಾರ್ಯದರ್ಶಿ ಗಣೇಶಪ್ರಸಾದರಿಗೆ ಫೋನು ಮಾಡಿದಳು.

"ಸರ್, ಗಾಳಿ ಹೋಸ್ ತಾಳೆ ಆಗುವುದಿಲ್ಲ."

"ಎಷ್ಟು ಕಡಿಮೆ ಉಂಟು?"

"ಕಡಿಮೆ ಅಲ್ಲ, ಹೆಚ್ಚು. ಹನ್ನೊಂದು ಮೀಟರ್ ಹೆಚ್ಚು."

ಆ ಕಡೆ ಒಂದು ನಗು. "ಹೆಚ್ಚಾದರೆ ನಿನಗೆಂತ ಹೊಟ್ಟೆನೋವು ಮಾರಾಯ್ತಿ? ಕಡಿಮೆಯಾದರೆ ಅಲ್ವಾ ಹೆದರುವುದು. ಹೆಚ್ಚುವರಿ ಅಂತ ಬರೆದು ಗೆರೆ ಎಳಿ. ಊಟ ಮಾಡು."

ಯಶ್ಮಿತಾ ಗೆರೆ ಎಳೆಯಲಿಲ್ಲ. ಸಾಮಾನು ತಾನಾಗಿ ಬೆಳೆಯುವುದಿಲ್ಲ. ಬಂದದ್ದನ್ನು ಯಾರೋ ಬರೆಯದೆ ಬಿಟ್ಟಿರಬೇಕು, ಇಲ್ಲವೇ ಕೊಟ್ಟೆವೆಂದು ಬರೆದಷ್ಟು ಕೊಟ್ಟಿರಲಿಕ್ಕಿಲ್ಲ. ಬಂದದ್ದು ಸುಲಭದಲ್ಲಿ ಗೊತ್ತಾಯಿತು. ಮೂವತ್ತು ಮೀಟರಿನ ಎರಡು ಸುರುಳಿ, ಬಿಲ್ಲು ಕೂಡ ಹಾಗೆಯೇ ಇತ್ತು. ಹಾಗಾದರೆ ಉಳಿದದ್ದು ಎರಡನೆಯದು.

ಕೊಟ್ಟದ್ದು ಮೂರು ಸಲ. ಭುಜಂಗನ ಕಾಲದಲ್ಲಿ ಎರಡು ತಂಡಗಳಿಗೆ ಹತ್ತು, ಹನ್ನೆರಡು. ಇವತ್ತು ಬೆಳಿಗ್ಗೆ ಬೋಜನ ತಂಡಕ್ಕೆ ಹದಿನೆಂಟು. ಒಟ್ಟು ನಲವತ್ತು ಮೀಟರ್ ಹೋಗಿರಬೇಕು. ಆದರೆ ಸುರುಳಿಯಿಂದ ನಿಜವಾಗಿ ಹೋದದ್ದು ಇಪ್ಪತ್ತೊಂಬತ್ತೂ ಇಲ್ಲ.

ಒಂದು ತಪ್ಪಿದ್ದಲ್ಲಿ ಇನ್ನೊಂದು ಇರಬಹುದೆಂದು ಅವಳು ಬೇರೆ ಸಾಮಾನುಗಳನ್ನೂ ನೋಡಿದಳು. ನೈಲಾನ್ ಹಗ್ಗ ಸರಿ ಇತ್ತು. ಬಕೆಟು, ರಾಟೆ, ಹೆಲ್ಮೆಟು, ಬೆಲ್ಟು ಎಲ್ಲ ಸರಿ. ಪಂಪಿನ ಕೇಬಲ್ ಮಾತ್ರ ತಪ್ಪಿತು. ಅದೂ ಹೆಚ್ಚೇ. ಐವತ್ತು ಮೀಟರ್ ಕೊಟ್ಟೆವೆಂದು ಬರೆದದ್ದು, ಸುರುಳಿಯಿಂದ ಹೋದದ್ದು ಮೂವತ್ತಾರು.

ಹಗ್ಗವನ್ನು ಇಡೀ ಸುರುಳಿಯಾಗಿ ಕೊಡುತ್ತಾರೆ, ಕತ್ತರಿಸುವುದಿಲ್ಲ. ಕತ್ತರಿಸಿ ಕೊಡುವುದು ಹೋಸು ಮತ್ತು ಕೇಬಲ್. ತಪ್ಪಿದ್ದೂ ಅವೆರಡೇ. ಮೊಬೈಲಿನಲ್ಲಿ ಭಾಗಿಸಿ ನೋಡಿದಳು. ಎರಡರಲ್ಲೂ ಹತ್ತು ಎಂದು ಬರೆದಲ್ಲಿ ಹೋದದ್ದು ಏಳು ಚಿಲ್ಲರೆ. ಕದ್ದವನಾಗಲಿ ಮರೆತವನಾಗಲಿ ಹೀಗೆ ಒಂದೇ ಹದದಲ್ಲಿ ತಪ್ಪುವುದಿಲ್ಲ. ಅಳತೆಯೇ ಬೇರೆ ಇರಬೇಕು.

ಅವಳ ಕಣ್ಣು ಸ್ಟೋರಿನ ನೆಲದ ಮೇಲೆ ಹೋಯಿತು. ಕೆಂಪು ನೆಲದ ಮೇಲೆ ಗೋಡೆಯಿಂದ ಗೋಡೆಗೆ ಸಾಲಾಗಿ ಗೆರೆಗಳಿದ್ದವು. ಹೋಸು ಕತ್ತರಿಸುವ ಜನಾರ್ದನ ಅದರ ಮೇಲೆಯೇ ಹಾಸಿ ಅಳೆಯುವುದನ್ನು ಅವಳು ಬೆಳಿಗ್ಗೆಯೂ ನೋಡಿದ್ದಳು. ಅವು ಮೀಟರಿನ ಗೆರೆಗಳೆಂದೇ ಅಂದುಕೊಂಡಿದ್ದಳು. ಮಂಡಿಯೂರಿ ಕುಳಿತು ಟೇಪು ಹಾಸಿದಳು. ಒಂದು ಗೆರೆಯಿಂದ ಇನ್ನೊಂದಕ್ಕೆ ಎಪ್ಪತ್ತೆರಡು ಸೆಂಟಿಮೀಟರ್.

ಜನಾರ್ದನ ಹೊರಗೆ ಜಗಲಿಯ ಅಂಚಿನ ಚಿಟ್ಟೆಯ ಮೇಲೆ ಕುಳಿತು ರಾಟೆಗೆ ಎಣ್ಣೆ ಹಾಕುತ್ತಿದ್ದ. ಮೊದಲು ಅವನೂ ಬಾವಿಗೆ ಇಳಿಯುತ್ತಿದ್ದವ. ಮೊಣಕಾಲು ಕೈಕೊಟ್ಟ ಮೇಲೆ ಸ್ಟೋರಿನಲ್ಲಿ ಅಳೆದು ಕೊಡುವ ಕೆಲಸ.

"ಜನಾರ್ದನಣ್ಣ, ಈ ನೆಲದ ಗೆರೆ ಎಂತದ್ದು?"

"ಕೋಲಿದ್ದು. ಮತ್ತೆಂತ, ರಂಗೋಲಿ ಅಂತ ಮಾಡಿದ್ಯಾ?"

ಬಾವಿಯವರ ಲೆಕ್ಕವೆಲ್ಲ ಕೋಲಿನಲ್ಲಿ. ಬಾವಿ ಎಷ್ಟು ಆಳ ಎಂದರೆ ಹದಿನೈದು ಕೋಲು, ಇಪ್ಪತ್ತು ಕೋಲು. ಹೋಸು ಬೇಕಾದವರು ಬಂದು ಹತ್ತು ಎನ್ನುತ್ತಿದ್ದರು, ಜನಾರ್ದನ ಹತ್ತು ಕೋಲು ಅಳೆದು ಕೊಡುತ್ತಿದ್ದ. ಭುಜಂಗ ರಿಜಿಸ್ಟರಿನಲ್ಲಿ ಹತ್ತು ಎಂದು ಬರೆಯುತ್ತಿದ್ದ. ರಿಜಿಸ್ಟರಿನ ಮೇಲ್ಗಡೆ ಮೀಟರ್ ಎಂದು ಅಚ್ಚಾಗಿದ್ದನ್ನು ಯಾರೂ ನೋಡಿರಲಿಲ್ಲ. ಬರೆದದ್ದು ತಪ್ಪಾದರೂ ಕೊಟ್ಟದ್ದು ಸರಿಯೇ ಇತ್ತು. ಕೇಳಿದವನಿಗೂ ಅಳೆದವನಿಗೂ ಕೋಲು ಒಂದೇ.

ಯಶ್ಮಿತಾಳ ಕೈಯಲ್ಲಿದ್ದ ಟೇಪು ಸರ್ರನೆ ಒಳಕ್ಕೆ ಸುತ್ತಿಕೊಂಡಿತು.

"ಅಣ್ಣ, ಬೆಳಿಗ್ಗೆ ಬೋಜಣ್ಣನಿಗೆ ಹದಿನೆಂಟು ಕೊಟ್ಟದ್ದೂ ಕೋಲಿನಲ್ಲಾ?"

"ನಾನು ಬೇರೆ ಯಾವುದರಲ್ಲಿ ಕೊಟ್ಟದ್ದುಂಟು?"

"ಅದು ಮೀಟರ್ ಅಣ್ಣ! ಓವರ್‌ಸಿಯರ್ ಬರೆದು ಕಳಿಸಿದ ಚೀಟಿ. ಹದಿನೆಂಟು ಮೀಟರ್!"

"ನೀನು ಹದಿನೆಂಟು ಅಂದದ್ದು. ಮೀಟರು ಗೀಟರು ಅಂತ ಹೇಳಿದ್ದುಂಟಾ?"

ಹೇಳಿರಲಿಲ್ಲ. ಚೀಟಿ ನೋಡಿ, "ಹೋಸ್ ಹದಿನೆಂಟು ಕತ್ತರಿಸಿ" ಎಂದಷ್ಟೇ ಒಳಗಿನಿಂದ ಕೂಗಿದ್ದಳು. ಈ ವರ್ಷದಿಂದ ಸಂಘದ ಓವರ್‌ಸಿಯರ್ ಮೊದಲೇ ಹೋಗಿ ಬಾವಿ ಅಳೆದು ಚೀಟಿ ಬರೆಯುವ ಹೊಸ ಕ್ರಮ ಬಂದಿತ್ತು. ಬೋಜ ಹೋಸು ಹೊರಲು ಬಂದಾಗ, "ಚೀಟಿಯ ಪ್ರಕಾರ ಹದಿನೆಂಟು ಮೀಟರ್ ಉಂಟು" ಎಂದು ಅವಳೇ ಹೇಳಿ ಸಹಿ ಹಾಕಿಸಿದ್ದಳು.

ಚೀಟಿ ತೆಗೆದು ನೋಡಿದಳು. ಮೀಂಜ ಕಡೆಯ ಒಂದು ಮನೆ. ವರ್ಷಗಟ್ಟಲೆ ಸ್ಲಾಬು ಹಾಕಿ ಮುಚ್ಚಿಟ್ಟಿದ್ದ ಹಳೆಯ ಬಾವಿ, ಕೊಳವೆಬಾವಿ ಬತ್ತಿದ್ದಕ್ಕೆ ಈಗ ಶುಚಿ ಮಾಡಿಸುವುದು. ಆಳ ಹದಿನಾರು ಮೀಟರ್. ಬ್ಲೋವರು ಇಡುವ ಜಾಗದಿಂದ ಬಾವಿಯ ಬಾಯಿಗೆ ಎರಡು ಮೀಟರ್. ಒಟ್ಟು ಹದಿನೆಂಟು.

ಹದಿನೆಂಟು ಕೋಲೆಂದರೆ ಹದಿಮೂರು ಮೀಟರೂ ಪೂರ್ತಿ ಇಲ್ಲ. ಬಾಯಿಯವರೆಗಿನ ಎರಡು ಹೋದರೆ ಒಳಗೆ ಇಳಿಯುವುದು ಹನ್ನೊಂದು. ಕೆಳಗಿನ ಐದು ಮೀಟರಿಗೆ ಗಾಳಿ ಇಲ್ಲ. ಮುಚ್ಚಿದ ಬಾವಿಯಲ್ಲಿ ಎಲೆ ಕೊಳೆತು ಕೆಟ್ಟ ಗಾಳಿ ಅಡಿಯಲ್ಲೇ ಮಲಗಿರುತ್ತದೆ. ಮನುಷ್ಯ ಹೋಗಿ ನಿಲ್ಲುವುದೂ ಅದೇ ಅಡಿಯಲ್ಲಿ.

ಜನಾರ್ದನ ಎದ್ದು ನಿಂತಿದ್ದ. ಎಣ್ಣೆಯ ಡಬ್ಬಿ ಉರುಳಿ ಚಿಟ್ಟೆಯಿಂದ ಕೆಳಗೆ ಬಿತ್ತು. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೋಜ ಅವನ ಸ್ವಂತ ತಂಗಿಯ ಮಗ.

"ಫೋನು ಮಾಡು," ಎಂದ. "ಇಳಿದಿದ್ದಾನೋ ಇಲ್ಲವೋ ಕೇಳು. ಬೇಗ ಮಾಡು ಮಗಾ."

ಬೋಜನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಬಾವಿಗೆ ಇಳಿಯುವವ ಅಂಗಿ ಕಳಚಿ ಮರಕ್ಕೆ ಸಿಕ್ಕಿಸುತ್ತಾನೆ, ಫೋನು ಅದರ ಕಿಸೆಯಲ್ಲಿರುತ್ತದೆ. ಬ್ಲೋವರಿನ ಗೌಜಿಯಲ್ಲಿ ಯಾರಿಗೆ ಕೇಳಬೇಕು? ಮೇಲೆ ಹಗ್ಗ ಹಿಡಿಯುವ ಅಶ್ವಿತ್‌ಗೆ ಮಾಡಿದರೆ, ಅವನು ವ್ಯಾಪ್ತಿಯ ಹೊರಗಿದ್ದಾನೆಂದು ಹೆಂಗಸೊಬ್ಬಳು ಮಲಯಾಳದಲ್ಲಿ ಸಾವಧಾನವಾಗಿ ಹೇಳಿದಳು. ಜನಾರ್ದನ ಅಷ್ಟರಲ್ಲಿ ಗೇಟಿನ ಹತ್ತಿರ ಹೋಗಿ ಜೀಪಿಗಾಗಿ ನೋಡುತ್ತಿದ್ದ. ಜೀಪು ಸಿಕ್ಕಿದರೂ ಆ ದಾರಿಗೆ ಅರ್ಧ ಗಂಟೆ ಬೇಕು.

ಚೀಟಿಯ ಅಡಿಯಲ್ಲಿ ಮನೆಯವರ ನಂಬರ್ ಇತ್ತು. ಮನೋರಮಾ. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿದರು. ಹಿಂದೆ ಒಗ್ಗರಣೆಯ ಸದ್ದು.

"ಯಾರು? ಸಂಘದವರಾ? ಊಟ ನಾಲ್ಕು ಜನಕ್ಕೆ ಅಲ್ವಾ? ಸಾರು, ಪಲ್ಯ ಆಗಿದೆ, ಹಪ್ಪಳ ಕಾಯಿಸ್ತಾ ಇದ್ದೇನೆ."

"ಮನೋರಮಕ್ಕ, ಬಾವಿಗೆ ಯಾರಾದ್ರೂ ಇಳಿದಿದ್ದಾರಾ?"

"ಇಳಿದ್ರು ಅಂತ ಕಾಣ್ತದೆ. ಆಗ ನೀರೆಲ್ಲ ಖಾಲಿ ಆಯ್ತು ಅಂದ್ರು. ಆ ಮಿಶನ್ ಗುಂಯ್ ಅಂತ ತಲೆ ತಿಂತಾ ಉಂಟು."

"ಅಕ್ಕ, ಗ್ಯಾಸು ಆಫ್ ಮಾಡಿ. ಫೋನು ಕೈಯಲ್ಲೇ ಹಿಡ್ಕೊಂಡು ಬಾವಿಯ ಹತ್ರ ಹೋಗಿ. ಗಾಳಿಯ ಹೋಸು ಅಡಿಗೆ ಮುಟ್ಟುವುದಿಲ್ಲ. ಬೋಜಣ್ಣನನ್ನು ಈಗಲೇ ಮೇಲೆ ಎಳೀಬೇಕು ಅಂತ ಹೇಳಿ."

"ಅಯ್ಯೋ ದೇವರೇ," ಎಂದರು ಮನೋರಮಾ. ಆಮೇಲೆ ಪಾತ್ರೆ ಇಟ್ಟ ಸದ್ದು, ಚಪ್ಪಲಿಯ ಸದ್ದು, ಉಸಿರಿನ ಸದ್ದು. ಬ್ಲೋವರಿನ ಗುಂಯ್ ಹತ್ತಿರ ಹತ್ತಿರ ಬಂತು. ಅವರು ಕೂಗುತ್ತಿದ್ದರು. ಏನು ಕೂಗಿದರೆಂದು ಯಶ್ಮಿತಾಳಿಗೆ ತಿಳಿಯಲಿಲ್ಲ. ಅಲ್ಲಿದ್ದವರಿಗೂ ತಿಳಿಯಲಿಲ್ಲವೆಂದು ಕಾಣುತ್ತದೆ, "ಎಂತ? ಎಂತದಕ್ಕ?" ಎಂದು ಯಾರೋ ಕೇಳಿದರು.

ಆಮೇಲೆ ಫಕ್ಕನೆ ಎಲ್ಲ ಮೌನವಾಯಿತು. ಮಾತು ಕೇಳಲೆಂದು ಬ್ಲೋವರನ್ನೇ ನಿಲ್ಲಿಸಿದ್ದರು.

"ನಿಲ್ಲಿಸಬೇಡಿ!" ಯಶ್ಮಿತಾಳ ಕೂಗಿಗೆ ಗೇಟಿನಲ್ಲಿದ್ದ ಜನಾರ್ದನ ಕುಂಟುತ್ತಾ ಓಡಿ ಬಂದ. "ಅಕ್ಕ, ಮಿಶನ್ ಸ್ಟಾರ್ಟ್ ಮಾಡ್ಲಿಕ್ಕೆ ಹೇಳಿ! ಫೋನು ಅಶ್ವಿತ್‌ಗೆ ಕೊಡಿ!"

ಗುಂಯ್ ಎನ್ನುವ ಸದ್ದು ಮತ್ತೆ ಶುರುವಾಯಿತು. ಅದರ ನಡುವೆ ಅಶ್ವಿತ್‌ನ ಧ್ವನಿ.

"ಯಶ್ಮಿಯಕ್ಕ, ಎಂತ ವಿಷಯ?"

"ಹೋಸು ಐದು ಮೀಟರ್ ಗಿಡ್ಡ ಉಂಟು. ಬೋಜಣ್ಣ ಎಲ್ಲಿ?"

"ಕೆಳಗೆ. ಈಗಷ್ಟೇ ಅಡಿಗೆ ಮುಟ್ಟಿದ್ರು. ಒಂದು ಬಕೆಟು ಕೆಸರು ಬಂತು."

"ಮಾತಾಡ್ತಾರಾ ನೋಡು."

ಅವನು ಕರೆದದ್ದು ಕೇಳಿಸಿತು. "ಬೋಜಣ್ಣಾ! ಓ ಬೋಜಣ್ಣಾ!" ಬಾವಿಯೊಳಗಿಂದ ಅದೇ ಹೆಸರು ತಿರುಗಿ ಬಂತು. ಬೇರೆ ಏನೂ ಬರಲಿಲ್ಲ. ಇನ್ನೊಮ್ಮೆ ಕರೆದ.

"ಅಕ್ಕ, ಕೂತಿದ್ದಾರೆ. ಗೋಡೆಗೆ ಒರಗಿ ಕೂತಿದ್ದಾರೆ. ತಲೆ ಎತ್ತುವುದಿಲ್ಲ. ನಾನು ಇಳಿತೇನೆ."

ಯಶ್ಮಿತಾಳ ಬಾಯಿಯಿಂದ ಮಾತು ಬರುವ ಮೊದಲೇ ಜನಾರ್ದನ ಫೋನು ಕಿತ್ತುಕೊಂಡ.

"ಅಶ್ವಿತಾ, ಇಳಿದ್ಯೋ, ನಿನ್ನ ಕಾಲು ಮುರೀತೇನೆ. ಎತ್ತಲಿಕ್ಕೆ ಇಳಿದವನೂ ಮೊದಲು ಇಳಿದವನ ಮೇಲೆಯೇ ಬೀಳುವುದು. ಕೇಳ್ತಾ ಉಂಟಾ? ಅವನ ಸೊಂಟದಲ್ಲಿ ಬೆಲ್ಟು ಉಂಟಾ?"

"ಉಂಟು ಜನಾರ್ದನಣ್ಣ."

"ಹಗ್ಗ ಅದಕ್ಕೇ ಕಟ್ಟಿದ್ದಾ, ಬಕೆಟಿಗೆ ಬಿಚ್ಚಿ ಕೊಟ್ಟಿದ್ದಾರಾ?"

ಈ ಪ್ರಶ್ನೆಗೆ ಉತ್ತರ ಬರುವವರೆಗೆ ಜನಾರ್ದನನ ಮುಖವನ್ನು ನೋಡಲು ಯಶ್ಮಿತಾಳಿಗೆ ಆಗಲಿಲ್ಲ. ಕೆಲವರು ಅಡಿಗೆ ಮುಟ್ಟಿದ ಕೂಡಲೇ ಬೆಲ್ಟಿನ ಹಗ್ಗ ಬಿಚ್ಚುತ್ತಾರೆ, ಕೆಲಸಕ್ಕೆ ಅಡ್ಡ ಎಂದು.

"ಬೆಲ್ಟಿಗೇ ಉಂಟು. ಬಕೆಟಿನ ಹಗ್ಗ ಬೇರೆ."

"ಹಾಗಾದ್ರೆ ಮೂರು ಜನವೂ ಹಿಡೀರಿ. ಜಗ್ಗಬೇಡಿ, ಒಂದೇ ಹದದಲ್ಲಿ ಎಳೀರಿ. ಗೋಡೆಯ ಕಲ್ಲಿಗೆ ತಲೆ ತಾಗದ ಹಾಗೆ ನೋಡಿ. ಹೋಸು ಅಲ್ಲಿಯೇ ಇರ್ಲಿ, ಮಿಶನ್ ಓಡ್ತಾ ಇರ್ಲಿ. ಮೇಲೆ ಬರ್ತಾ ಗಾಳಿ ಸಿಗ್ತದೆ ಅವನಿಗೆ."

ಫೋನನ್ನು ಅವರು ಎಲ್ಲೋ ಕಟ್ಟೆಯ ಮೇಲೆ ಇಟ್ಟರು. ರಾಟೆಯ ಕಿರಕಿರ ಕೇಳಿಸಿತು. "ಹಿಡಿ", "ಹಿಡಿ", "ಬಿಡಬೇಡ" ಎನ್ನುವ ಮಾತು. ಸ್ಟೋರಿನಲ್ಲಿ ಇಬ್ಬರೂ ಒಂದೇ ಫೋನಿಗೆ ತಲೆ ಕೊಟ್ಟು ನಿಂತಿದ್ದರು. ಜನಾರ್ದನನ ಕೈಗಳು ತಾವೇ ಹಗ್ಗ ಎಳೆಯುವಂತೆ ಮುಚ್ಚಿ ತೆರೆಯುತ್ತಿದ್ದವು. ರಾಟೆ ನಿಂತಿತು.

ಆಮೇಲೆ ಮನೋರಮಾ, "ನೀರು ತರ್ತೇನೆ, ಸ್ವಲ್ಪ ಸರೀರಿ, ಗಾಳಿ ಬಿಡಿ ಅವರಿಗೆ," ಎನ್ನುವುದು ಕೇಳಿಸಿತು.

"ಉಸಿರುಂಟಾ?" ಎಂದು ಜನಾರ್ದನ ಫೋನಿಗೆ ಕೇಳಿದ. ಯಾರೂ ಫೋನಿನ ಹತ್ತಿರ ಇರಲಿಲ್ಲ. "ಉಸಿರುಂಟಾ ಕೇಳಿದ್ದು ನಾನು!"

ಯಾರೋ ವಾಂತಿ ಮಾಡಿಕೊಳ್ಳುವ ಸದ್ದು ಬಂತು. ದೊಡ್ಡ ಸದ್ದು, ಮತ್ತೆ ಮತ್ತೆ. ಜನಾರ್ದನ ನೆಲಕ್ಕೆ ಕುಳಿತುಬಿಟ್ಟ. ಕೆಂಪು ನೆಲದ ಗೆರೆಗಳ ಮೇಲೆಯೇ ಕುಳಿತು ಮುಂಡಿನ ತುದಿಯಿಂದ ಮುಖ ಒರೆಸಿಕೊಂಡ.

ಅವರಿಬ್ಬರು ಮೀಂಜದ ಮನೆಗೆ ತಲುಪುವಾಗ ಬೋಜನನ್ನು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಜೊತೆಗೆ ಹೋದ ಅಶ್ವಿತ್ ಫೋನು ಮಾಡಿದ. ಆಕ್ಸಿಜನ್ ಹಾಕಿದ್ದಾರೆ, ಮಾತಾಡುತ್ತಾರೆ, ರಾತ್ರಿ ಇಟ್ಟು ನೋಡಬೇಕಂತೆ.

"ಒಮ್ಮೆ ಅವನಿಗೆ ಕೊಡು," ಎಂದ ಜನಾರ್ದನ.

ಬೋಜನ ಧ್ವನಿ ಕೆರೆದ ಹಾಗಿತ್ತು. "ಮಾವ, ನಿಮ್ಮ ಗಾಳಿ ಅರ್ಧ ದಾರಿಯಲ್ಲಿ ಬಸ್ಸು ಇಳಿದು ಹೋಯ್ತಲ್ಲ."

"ಇಳಿವಾಗ ಗೊತ್ತಾಗಲಿಲ್ವಾ ನಿಂಗೆ, ಮಂಗ?"

"ಗೊತ್ತಾಯ್ತು. ಹೋಸಿನ ಬಾಯಿ ಮೇಲೆಯೇ ಉಳಿಯಿತಲ್ಲ ಅಂತ ಅನ್ನಿಸ್ತು. ಹದಿನೆಂಟು ಮೀಟರ್ ಅಂತ ಸಹಿ ಹಾಕಿದ್ದು ನಾನೇ ಅಲ್ವಾ, ಎಲ್ಲೋ ಮಡಚಿ ನಿಂತಿರಬೇಕು, ಅಡಿಗೆ ಹೋಗಿ ಬಿಡಿಸುವ ಅಂತ ಮಾಡಿದೆ. ಮತ್ತೆ ಬಕೆಟು ಬಂತು. ಮತ್ತೆಂತ ಆಯ್ತು ಗೊತ್ತಿಲ್ಲ."

"ಸುಮ್ಮನೆ ಮಲಗು. ತಂಗಿಗೆ ನಾನು ಹೇಳ್ತೇನೆ," ಎಂದು ಜನಾರ್ದನ ಫೋನು ಇಟ್ಟ. ತಂಗಿಗೆ ಏನೆಂದು ಹೇಳುವುದೆಂದು ಅವನಿಗೆ ತಿಳಿದಿದ್ದ ಹಾಗೆ ಕಾಣಲಿಲ್ಲ.

ಮನೋರಮಾ ಬಾವಿಯ ಬಾಯಿಗೆ ಅಡ್ಡ ಹಲಗೆ ಇಡಿಸಿದ್ದರು. "ಇನ್ನು ಇವತ್ತು ನನ್ನ ಬಾವಿಗೆ ಒಂದು ಬೆಕ್ಕೂ ಇಳಿಯುವುದು ಬೇಡ," ಎಂದರು. ಕಾಯಿಸಿದ ಹಪ್ಪಳ, ಸಾರು, ಅನ್ನ ಎಲ್ಲ ಹಾಗೆಯೇ ಇತ್ತು. ಯಾರೂ ಊಟಕ್ಕೆ ಏಳಲಿಲ್ಲ.

ಯಶ್ಮಿತಾ ಹಲಗೆಯ ಸಂದಿಯಿಂದ ಹೋಸನ್ನು ಮೇಲೆ ಎಳೆದು ಅಂಗಳದಲ್ಲಿ ನೇರವಾಗಿ ಹಾಸಿದಳು. ಬ್ಲೋವರಿನ ತುದಿಯಿಂದ ಟೇಪು ಹಿಡಿದು ಹೋದಳು. ಹೋಸು ಮುಗಿದ ಮೇಲೂ ಟೇಪು ಬಿಡದೆ ಹದಿನೆಂಟರವರೆಗೆ ಹೋಗಿ ಮಣ್ಣಿನಲ್ಲಿ ಹಿಮ್ಮಡಿಯಿಂದ ಗೆರೆ ಎಳೆದಳು.

ಅಷ್ಟರಲ್ಲಿ ಕಾರ್ಯದರ್ಶಿ ಗಣೇಶಪ್ರಸಾದರ ಬೈಕು ಬಂತು. ದಾರಿಯಲ್ಲಿ ಬರುವಾಗಲೇ ಯಶ್ಮಿತಾ ಅವರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಳು. ಮೊದಲು ಬೋಜನ ವಿಷಯ ಕೇಳಿದರು, ದೇವರು ದೊಡ್ಡವ ಎಂದರು, ಸ್ವಲ್ಪ ಹೊತ್ತು ಬಾವಿಯ ಕಟ್ಟೆಗೆ ಒರಗಿ ನಿಂತರು. ಆಮೇಲೆ ಯಶ್ಮಿತಾಳನ್ನು ಬದಿಗೆ ಕರೆದರು.

"ರಿಜಿಸ್ಟರಿನಲ್ಲಿ ಇನ್ನೂ ಎಂತದೂ ಬರೀಲಿಲ್ಲ ಅಲ್ವಾ ನೀನು?"

"ಇಲ್ಲ ಸರ್."

"ಬರಿಯುವಾಗ ಹೆಚ್ಚುವರಿ ಅಂತ ಮಾತ್ರ ಬರಿ. ಕಾರಣ ಗಿರಣ ಬೇಡ. ಹುಡುಗ ಬಚಾವಾದ. ಇನ್ನು ಇದನ್ನು ಉದ್ದ ಮಾಡಿದ್ರೆ ಜನಾರ್ದನನಿಗೇ ತೊಂದರೆ. ಪಾಪ, ಪ್ರಾಯ ಆದವ. ಕೇಸು ಗೀಸು ಅಂತ ಆದ್ರೆ ಯಾರು ಅಲೆಯುವುದು? ನಿನಗೂ ಒಳ್ಳೇದಲ್ಲ."

ಯಶ್ಮಿತಾಳಿಗೆ ಈ ಕೆಲಸ ಬೇಕಿತ್ತು. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ, ಸಾಮಾನು ಹೆಚ್ಚಿದ್ದದ್ದು ನಿಜ. ಆದರೆ ಕಾರಣ ಬರೆಯದಿದ್ದರೆ ನಾಳೆ ಓವರ್‌ಸಿಯರ್ ಇನ್ನೊಂದು ಚೀಟಿ ಬರೆಯುತ್ತಾರೆ, ಅವಳಲ್ಲದಿದ್ದರೆ ಇನ್ನೊಬ್ಬಳು ಒಂದು ಸಂಖ್ಯೆ ಕೂಗುತ್ತಾಳೆ.

"ಬರೀದಿದ್ರೆ ಇನ್ನೊಮ್ಮೆ ಆಗ್ತದೆ ಸರ್," ಎಂದಳು ಕೊನೆಗೆ.

"ಬಾಯಲ್ಲಿ ಹೇಳಿದ್ರೆ ಸಾಕಲ್ಲ ಎಲ್ಲರಿಗೆ!"

"ಬೆಳಿಗ್ಗೆ ಬಾಯಲ್ಲೇ ಹೇಳಿದ್ದು ನಾನು."

ಗಣೇಶಪ್ರಸಾದರು ಸಿಟ್ಟಿನಿಂದ ಏನೋ ಹೇಳಲು ಹೊರಟರು. ಜನಾರ್ದನ ಆಗ ಅಂಗಳದ ನಡುವಿನಿಂದ ಕರೆದ. ಹೋಸಿನ ಬಾಯಿ ಇದ್ದಲ್ಲಿ ಅವನು ನಿಂತಿದ್ದ.

"ಸೆಕ್ರೆಟ್ರಿಯವರೇ, ಸ್ವಲ್ಪ ಇಲ್ಲಿ ಬನ್ನಿ. ಅಲ್ಲಿ ಅಲ್ಲ, ಆ ಹುಡುಗಿ ಗೆರೆ ಎಳೆದಿದ್ದಾಳಲ್ಲ, ಅಲ್ಲಿ ನಿಲ್ಲಿ."

ಅವರು ಹೋಗಿ ನಿಂತರು. ಇಬ್ಬರ ನಡುವೆ ಒಂದು ಜೀಪು ನಿಲ್ಲಿಸುವಷ್ಟು ಖಾಲಿ ನೆಲ. ಮನೋರಮಾ ತುಳಸಿಕಟ್ಟೆಯ ಹತ್ತಿರದಿಂದ ನೋಡುತ್ತಿದ್ದರು.

"ಇದು ಹೆಚ್ಚುವರಿ ಅಲ್ಲ," ಎಂದ ಜನಾರ್ದನ. "ಗಾಳಿ ಇಲ್ಲಿ ನಿಂತದ್ದು, ನನ್ನ ಕಾಲಿನ ಹತ್ತಿರ. ಬೋಜ ಕೂತದ್ದು ಅಲ್ಲಿ, ನಿಮ್ಮ ಕಾಲಿನ ಹತ್ತಿರ."

ಗಣೇಶಪ್ರಸಾದರು ತಮ್ಮ ಕಾಲಿನ ಕೆಳಗಿನ ಗೆರೆಯನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಅದರಿಂದ ಹಿಂದೆ ಸರಿದರು.

"ನಿನ್ನ ಹೆಸರು ಬರ್ತದೆ ಜನಾರ್ದನ, ಆಮೇಲೆ ನನ್ನನ್ನು ಹೇಳಬೇಡ."

"ಬರ್ಲಿ. ಕೋಲಿನಲ್ಲಿ ಅಳೆದವ ನಾನೇ. ತಂಗಿಗೇ ಹೇಳ್ಲಿಕ್ಕುಂಟು, ಮತ್ತೆ ಪುಸ್ತಕಕ್ಕೆ ಹೇಳ್ಲಿಕ್ಕೆ ಎಂತ ನಾಚಿಕೆ?"

"ನನ್ನ ಹೆಸರೂ ಬರ್ತದೆ," ಎಂದಳು ಯಶ್ಮಿತಾ. "ಮೀಟರ್ ಅಂತ ಹೇಳದೆ ಸಂಖ್ಯೆ ಕೂಗಿದ್ದು ನಾನು."

"ಬರೀರಿ, ಎಲ್ಲರ ಹೆಸರೂ ಬರೀರಿ, ನಂದೂ ಬರೀರಿ," ಎಂದು ಗಣೇಶಪ್ರಸಾದರು ಕೈ ಬೀಸಿದರು. ಆದರೆ ಬೈಕು ಹತ್ತಿ ಹೋಗಲಿಲ್ಲ. ಅಶ್ವಿತ್‌ನ ಫೋನಿಗೆ ಕರೆ ಮಾಡಿ, ಆಸ್ಪತ್ರೆಯ ಖರ್ಚು ಸಂಘದ್ದೆಂದು ಹೇಳುತ್ತಾ ಗೇಟಿನ ಕಡೆಗೆ ನಡೆದರು.

ಯಶ್ಮಿತಾ ಉಳಿದ ಎರಡು ತಂಡಗಳಿಗೆ ಫೋನು ಮಾಡಿದಳು. ನಿಮ್ಮ ಕೈಯಲ್ಲಿರುವ ಹೋಸು ಕೋಲಿನ ಲೆಕ್ಕದ್ದು, ಮೀಟರಿನದ್ದಲ್ಲ, ಓವರ್‌ಸಿಯರ್ ಚೀಟಿಯ ಬಾವಿಗೆ ಅದನ್ನು ಇಳಿಸಬೇಡಿ ಎಂದಳು. ಒಂದು ತಂಡದವರು ನಕ್ಕರು, ನಮಗೆ ಗೊತ್ತಿಲ್ವಾ ಎಂದರು. ಇನ್ನೊಂದು ತಂಡದವನು ನಗಲಿಲ್ಲ.

"ನಾಳೆ ಒಂದು ಚೀಟಿಯ ಬಾವಿಯೇ ಇತ್ತು," ಎಂದ. "ಹನ್ನೆರಡು ಬೇಕು ಅಂತ ಬರೆದಿದ್ದಾರೆ. ನಮ್ಮತ್ರ ಹನ್ನೆರಡು ಉಂಟಲ್ಲ ಅಂತ ನಾವು ಸ್ಟೋರಿಗೆ ಬರ್ಲಿಲ್ಲ."

"ನಾಳೆ ಇಳಿಯುವ ಮೊದಲು ಬನ್ನಿ," ಎಂದಳು ಯಶ್ಮಿತಾ. "ಬರುವಾಗ ಅದನ್ನೂ ತನ್ನಿ. ಟೇಪಿನಲ್ಲಿ ಅಳೆದು ಕೊಡ್ತೇನೆ."

ಜನಾರ್ದನ ಹೋಸನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ. ಮನೋರಮಾ ಎಲೆ ಹಾಕಿ ಇಬ್ಬರನ್ನೂ ಬಲವಂತದಿಂದ ಕೂರಿಸಿದರು. ಒಂದು ತುತ್ತು ತಿಂದು ಜನಾರ್ದನ ಕೈ ನಿಲ್ಲಿಸಿದ.

"ಸಂಜೆ ಬಸ್ಸು ಎಷ್ಟು ಹೊತ್ತಿಗೆ ಉಂಟು?" ಎಂದು ಕೇಳಿದ. "ತಂಗಿಯ ಮನೆಗೆ ಹೋಗ್ಬೇಕು. ಫೋನಿನಲ್ಲಿ ಹೇಳುವ ಮಾತಲ್ಲ ಇದು."